ವಿಷಯ: ಐಇಎಲ್‌ಟಿಎಸ್ ಫಲಿತಾಂಶ ಸಲ್ಲಿಸಲು ಆಗಸ್ಟ್ 20ರವರೆಗೆ ಸಮಯ ಕೋರಿ – ಅರ್ಜಿ ಸಂಖ್ಯೆ ಪಿಜಿ-ಇಎನ್‌ವಿ-0417

ಪ್ರವೇಶಾತಿ ವಿಭಾಗದ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದೇನೆ. ಎರಡನೇ ವರ್ಷ ಇಂಗ್ಲೆಂಡಿನಲ್ಲಿ ಓದುವ ಜಂಟಿ ಕೋರ್ಸ್ ಅದು. ಇದಕ್ಕೆ ಐಇಎಲ್‌ಟಿಎಸ್ ಅಕಾಡೆಮಿಕ್ ಫಲಿತಾಂಶವನ್ನು ಜುಲೈ 31ರೊಳಗೆ ಕೊಡಬೇಕಿದೆ. ಒಟ್ಟು 6.5 ಇರಬೇಕು, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎಂದು ನಿಮ್ಮ ಪತ್ರದಲ್ಲಿದೆ. ಈ ಫಲಿತಾಂಶ ಕೊಡಲು ಆಗಸ್ಟ್ 20ರವರೆಗೆ ಸಮಯ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬೇರೆ ಎಲ್ಲ ದಾಖಲೆಗಳನ್ನು ಜೂನ್‌ನಲ್ಲೇ ಅಪ್‌ಲೋಡ್ ಮಾಡಿದ್ದೇನೆ.

ನನ್ನ ಪರೀಕ್ಷೆ ಜುಲೈ 26ಕ್ಕೆ ಬೆಂಗಳೂರಿನಲ್ಲಿತ್ತು. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಐದು ದಿನದೊಳಗೆ ಬರುತ್ತದೆ. ಹಾಗಾಗಿ ನಿಮ್ಮ ಗಡುವಿಗೆ ಸರಿಹೋಗುತ್ತಿತ್ತು. ಆದರೆ ಹಿಂದಿನ ದಿನ ಊರಿನಿಂದ ಹೊರಡಲಿಕ್ಕೇ ಆಗಲಿಲ್ಲ.

ನಮ್ಮ ಮನೆ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಕೆಳಗೆ. ಆ ವಾರ ಮಳೆ ಬಿಡಲೇ ಇಲ್ಲ. ನಾಪೋಕ್ಲು–ಮೂರ್ನಾಡು ರಸ್ತೆಯ ಮೇಲೆ ಕಾವೇರಿ ನೀರು ಬಂದು ಬಸ್ ನಿಂತಿತು. ವಿರಾಜಪೇಟೆ ಕಡೆಯಿಂದ ಹೋಗೋಣ ಎಂದು ಅಪ್ಪ ಜೀಪ್ ತೆಗೆದರು. ಸ್ವಲ್ಪ ದೂರದಲ್ಲೇ ದೊಡ್ಡ ಮರ ಬಿದ್ದು, ಅದರ ಜೊತೆ ಕರೆಂಟ್ ಕಂಬಗಳೂ ರಸ್ತೆಗೆ ಅಡ್ಡ ಬಿದ್ದಿದ್ದವು. ತಂತಿ ತೆರವು ಮಾಡುವ ತನಕ ಯಾರನ್ನೂ ಬಿಡಲಿಲ್ಲ. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ರಸ್ತೆ ಮುಚ್ಚಿದರೆ ಅಷ್ಟೇ, ಬೇರೆ ದಾರಿ ಇಲ್ಲ. ಕರೆಂಟ್ ಹೋದ ಮೇಲೆ ಟವರ್ ಕೂಡ ನಿಂತುಹೋಯಿತು. ಅದಕ್ಕೇ ಆಗಲೇ ನಿಮಗೆ ಫೋನ್ ಮಾಡಲಾಗಲಿಲ್ಲ. ಈ ಮೇಲ್ ಅನ್ನು ವಿರಾಜಪೇಟೆಯ ಚಿಕ್ಕಮ್ಮನ ಮನೆಯಿಂದ ಕಳಿಸುತ್ತಿದ್ದೇನೆ.

ರಸ್ತೆ ತೆರೆದ ಕೂಡಲೇ ಪರೀಕ್ಷಾ ಕೇಂದ್ರದವರಿಗೆ ಪಂಚಾಯಿತಿಯ ಪತ್ರ ಕಳಿಸಿದೆ. ಅವರು ಒಪ್ಪಿ, ಆಗಸ್ಟ್ 9ಕ್ಕೆ ಬೆಂಗಳೂರಿನಲ್ಲೇ ಸೀಟ್ ಕೊಟ್ಟಿದ್ದಾರೆ. ಅದಕ್ಕಿಂತ ಮುಂಚೆ ಕಂಪ್ಯೂಟರ್ ಪರೀಕ್ಷೆಗೆ ಜಾಗ ಇರಲಿಲ್ಲ. ಪೇಪರ್ ಪರೀಕ್ಷೆ ಬರೆದರೆ ಫಲಿತಾಂಶಕ್ಕೆ 13 ದಿನ ಕಾಯಬೇಕು, ಅದರಿಂದ ಇನ್ನೂ ತಡವಾಗುತ್ತದೆ. ಈ ಸಲ ಮಳೆಯನ್ನು ನಂಬಿ ಕೂರುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲೇ ಬೆಂಗಳೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಇರುತ್ತೇನೆ.

ಫಲಿತಾಂಶ ಆಗಸ್ಟ್ 14ರ ಹೊತ್ತಿಗೆ ಬರಬಹುದು. 15 ರಜೆ. ಕೆಲವೊಮ್ಮೆ ಹೆಚ್ಚಿನ ಪರಿಶೀಲನೆಗೆಂದು ಫಲಿತಾಂಶ ತಡೆಹಿಡಿಯುವುದೂ ಉಂಟು. ಅದಕ್ಕಾಗಿ 20 ಎಂದು ಕೇಳುತ್ತಿದ್ದೇನೆ, ಸುಮ್ನೆ ದಿನ ಜಾಸ್ತಿ ಮಾಡಿಕೊಳ್ಳಲು ಅಲ್ಲ. ಬಂದ ದಿನವೇ ಟಿಆರ್‌ಎಫ್ ಸಂಖ್ಯೆ ಕಳಿಸುತ್ತೇನೆ, ನೀವು ಆನ್‌ಲೈನ್‌ನಲ್ಲೇ ತಾಳೆ ನೋಡಬಹುದು.

ಇನ್ನೊಂದು ವಿಷಯ. ಡಿಗ್ರಿ ಓದುವಾಗ ಒಮ್ಮೆ ಐಇಎಲ್‌ಟಿಎಸ್ ಬರೆದು 7 ಪಡೆದಿದ್ದೆ. ಎರಡು ವರ್ಷ ಮುಗಿದು, ಈ ಮೇ ತಿಂಗಳಲ್ಲಿ ಅದರ ಅವಧಿ ಕಳೆಯಿತು. ಅದನ್ನೇ ಒಪ್ಪಿಕೊಳ್ಳಿ ಎಂದು ಕೇಳುತ್ತಿಲ್ಲ. ನನ್ನ ಇಂಗ್ಲಿಷ್ ಯಾವ ಮಟ್ಟದಲ್ಲಿದೆ ಎಂದು ನೋಡಲು ಇರಲಿ ಎಂದು ಲಗತ್ತಿಸಿದ್ದೇನೆ. ಡಿಗ್ರಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಕಾಲೇಜಿನ ಪತ್ರವೂ ಇದೆ. ಇವುಗಳ ಮೇಲೆ ಷರತ್ತಿನ ಪ್ರವೇಶ ಕೊಡಲು ಸಾಧ್ಯವಾದರೆ ತುಂಬಾ ಉಪಕಾರವಾಗುತ್ತದೆ. ಹೊಸ ಅಂಕ ಸಾಲದಿದ್ದರೆ ಸೀಟ್ ಹಿಂದಕ್ಕೆ ಪಡೆಯಬಹುದು, ಅದಕ್ಕೆ ನನ್ನ ಒಪ್ಪಿಗೆ ಇದೆ. ಶುಲ್ಕ ಕಟ್ಟಲು ಆಗಸ್ಟ್ 5 ಕೊನೆಯ ದಿನ ಅಲ್ವಾ, ಫಲಿತಾಂಶಕ್ಕೆ ಮೊದಲೇ ಕಟ್ಟಬೇಕೇ ಎಂದು ದಯವಿಟ್ಟು ತಿಳಿಸಿ. ಕಟ್ಟಲು ನಾವು ಸಿದ್ಧರಿದ್ದೇವೆ.

ಈ ಕೋರ್ಸ್ ನನಗೆ ಯಾಕೆ ಇಷ್ಟು ಮುಖ್ಯ ಎಂದರೆ, 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಬೆಟ್ಟ ಕುಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಜೋಡುಪಾಲ, ಮಕ್ಕಂದೂರು ಕಡೆ ಮನೆ, ತೋಟ ಎಲ್ಲ ಮಣ್ಣಿನಡಿ ಹೋದವು. ಇಳಿಜಾರಿನ ಮಣ್ಣು ಯಾಕೆ ಹಾಗೆ ಜಾರುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂದು ಕಲಿಯಬೇಕೆಂದು ಆಗಲೇ ಅನಿಸಿತ್ತು. ನಿಮ್ಮ ಕೋರ್ಸಿನಲ್ಲಿ ಭೂಕುಸಿತದ ಬಗ್ಗೆ ಒಂದು ಪೂರ್ತಿ ಪತ್ರಿಕೆ ಇದೆ. ಅದಕ್ಕಾಗಿಯೇ ಬೇರೆ ಕಡೆ ಅರ್ಜಿ ಹಾಕಲಿಲ್ಲ.

ನಮಗೆ ಕಕ್ಕಡ ತಿಂಗಳೆಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಳೆ ಜೋರಾಗಿ ಹಿಡಿಯುವುದು ಆಗಲೇ. ಈ ಜಿಲ್ಲೆಯಿಂದ ಅರ್ಜಿ ಹಾಕಿದ ಬೇರೆಯವರಿಗೂ ಇದೇ ತೊಂದರೆ ಆಗಿರಬಹುದು. ಅವರು ಬರೆದರೆ ಅವರ ಮಾತನ್ನೂ ದಯವಿಟ್ಟು ಕೇಳಿ.

ಹಳೆಯ ಮತ್ತು ಹೊಸ ಪರೀಕ್ಷೆಯ ಬುಕಿಂಗ್ ಪತ್ರ, ಪಂಚಾಯಿತಿ ಪತ್ರ, ಬಿದ್ದ ಮರದ ಫೋಟೋ, ಹಳೆಯ ಫಲಿತಾಂಶ, ಕಾಲೇಜಿನ ಪತ್ರ ಎಲ್ಲ ಈ ಮೇಲ್ ಜೊತೆಗಿವೆ. ನಮ್ಮಲ್ಲಿ ಫೋನ್ ಸಿಗುವುದು ಈಗ ಕಷ್ಟ. ದಯವಿಟ್ಟು ಮೇಲ್‌ನಲ್ಲೇ ಉತ್ತರ ಕೊಡಿ, ದಿನಾ ಸಂಜೆ ನೋಡುತ್ತೇನೆ.

ಇಂತಿ ವಂದನೆಗಳೊಂದಿಗೆ,
ಪಿ. ದೇಚಮ್ಮ
ಕಕ್ಕಬ್ಬೆ, ಕೊಡಗು ಜಿಲ್ಲೆ
ಜುಲೈ 29