ಸುತ್ತೋಲೆ: ಪ್ರತಿ ಮನೆಗೂ ನೀರಿನ ಮೀಟರ್ ಅಳವಡಿಸುವ ಬಗ್ಗೆ ನಿವಾಸಿಗಳ ಅಭಿಪ್ರಾಯ ಕೋರಿ

ನಿವಾಸಿಗಳ ಸಂಘದ ಕಚೇರಿ
ವಿಜಯನಗರ 4ನೇ ಹಂತ, ಮೈಸೂರು
ದಿನಾಂಕ: 2 ಫೆಬ್ರುವರಿ 2026, ಸೋಮವಾರ

ಇವರಿಗೆ,
ಎ ಮತ್ತು ಬಿ ಬ್ಲಾಕ್‌ಗಳ 48 ಮನೆಗಳ ಎಲ್ಲ ಮಾಲೀಕರು ಹಾಗೂ ಬಾಡಿಗೆದಾರರು

ಮಾನ್ಯರೇ,

ನಮ್ಮ ಸಮುಚ್ಚಯದ ನೀರಿನ ಖರ್ಚನ್ನು ಇದುವರೆಗೆ 48 ಮನೆಗಳಿಗೂ ಸಮವಾಗಿ ಹಂಚಿ, ತಿಂಗಳ ನಿರ್ವಹಣಾ ಶುಲ್ಕದ ಜೊತೆಗೆ ವಸೂಲು ಮಾಡುತ್ತಾ ಬಂದಿದ್ದೇವೆ. ಇದರ ಬದಲು ಪ್ರತಿ ಮನೆಗೂ ಮೀಟರ್ ಹಾಕಿ, ಬಳಸಿದಷ್ಟಕ್ಕೆ ಹಣ ಪಡೆಯುವ ವ್ಯವಸ್ಥೆ ತರಬೇಕೆಂದು ಕಾರ್ಯಕಾರಿ ಸಮಿತಿ ಪ್ರಸ್ತಾಪಿಸಿದೆ. ಈ ಪ್ರಸ್ತಾಪವನ್ನು 22 ಫೆಬ್ರುವರಿ 2026, ಭಾನುವಾರ ಬೆಳಿಗ್ಗೆ 10.30ಕ್ಕೆ ಎ ಬ್ಲಾಕ್‌ನ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ನಡೆಯುವ ವಿಶೇಷ ಸಾಮಾನ್ಯ ಸಭೆಯ ಮುಂದಿಡಲಾಗುವುದು. ಅದಕ್ಕೂ ಮೊದಲು ಪ್ರತಿ ಮನೆಯ ಉತ್ತರ ಲಿಖಿತವಾಗಿ ಕೈಸೇರಬೇಕೆಂಬ ಕಾರಣಕ್ಕೆ ಈ ಸುತ್ತೋಲೆಯ ಕೊನೆಯ ಪುಟದಲ್ಲಿ ಉತ್ತರ ಚೀಟಿಯನ್ನು ಸೇರಿಸಿದ್ದೇನೆ. ಚೀಟಿಯನ್ನು 14 ಫೆಬ್ರುವರಿ, ಶನಿವಾರ ಸಂಜೆ 6 ಗಂಟೆಯೊಳಗೆ ತಲುಪಿಸಬೇಕೆಂದು ವಿನಂತಿ. ಮರುದಿನ ಶಿವರಾತ್ರಿ ಇರುವುದರಿಂದ ಗಡುವನ್ನು ಮುಂದೂಡಲು ಆಗುವುದಿಲ್ಲ.

ಪ್ರಸ್ತಾಪಕ್ಕೆ ಕಾರಣವಾದ ಲೆಕ್ಕವನ್ನು ಮೊದಲು ಹೇಳುತ್ತೇನೆ. ಮಳೆಗಾಲ ಮತ್ತು ಚಳಿಗಾಲದಲ್ಲಿ ಪಾಲಿಕೆಯ ನೀರು ಹಾಗೂ ನಮ್ಮ ಬೋರ್‌ವೆಲ್ ನೀರು ಸೇರಿ ಸಂಪು ತುಂಬುತ್ತದೆ; ಕಳೆದ ನವೆಂಬರ್‌ನಲ್ಲಿ ಒಂದು ಟ್ಯಾಂಕರ್ ನೀರನ್ನೂ ಕೊಳ್ಳಬೇಕಾಗಲಿಲ್ಲ. ಆದರೆ ಬೇಸಿಗೆ ಕಾಲಿಟ್ಟೊಡನೆ ಬೋರ್‌ವೆಲ್ ಅರ್ಧ ಗಂಟೆ ಓಡಿ ಗಾಳಿ ಹಿಡಿಯುತ್ತದೆ. 2025ರ ಏಪ್ರಿಲ್‌ನಲ್ಲಿ 6,000 ಲೀಟರ್‌ನ 40 ಟ್ಯಾಂಕರ್‌ಗಳನ್ನು ತಲಾ 900 ರೂಪಾಯಿಯಂತೆ ತರಿಸಿದ್ದೇವೆ. ಅದಕ್ಕೆ 36,000 ರೂಪಾಯಿ, ಪಾಲಿಕೆಯ ಬಿಲ್ಲು 6,000 ರೂಪಾಯಿ, ಪಂಪ್‌ಗಳ ವಿದ್ಯುತ್ ಮತ್ತು ಟ್ಯಾಂಕ್ ಶುಚಿಗೊಳಿಸುವಿಕೆ 12,000 ರೂಪಾಯಿ, ಒಟ್ಟು 54,000 ರೂಪಾಯಿ ಖರ್ಚಾಗಿ, ಮನೆಯೊಂದಕ್ಕೆ 1,125 ರೂಪಾಯಿ ಬಿತ್ತು. ಆ ತಿಂಗಳು ಪೂರ್ತಿ ಬೀಗ ಹಾಕಿದ್ದ ಮನೆಗೂ, ಒಬ್ಬರೇ ಹಿರಿಯರು ವಾಸವಿರುವ ಮನೆಗೂ, ಏಳು ಜನರ ತುಂಬು ಸಂಸಾರಕ್ಕೂ ಬಿದ್ದದ್ದು ಇಷ್ಟೇ ಮೊತ್ತ. ಇದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತುಂಬು ಸಂಸಾರದವರು ನೀರು ಪೋಲು ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಯಾರು ಎಷ್ಟು ಬಳಸುತ್ತೇವೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿರುವುದೇ ಇಲ್ಲಿನ ತೊಡಕು.

ಮೀಟರ್ ಹಾಕುವುದು ನಮ್ಮಂಥ ಕಟ್ಟಡದಲ್ಲಿ ಅಷ್ಟು ಸರಳವಲ್ಲ. ಬಿಡಿ ಮನೆಗಾದರೆ ಬೀದಿಯಿಂದ ಬರುವ ಒಂದೇ ಕೊಳವೆಗೆ ಒಂದು ಮೀಟರ್ ಸಾಕು. ನಮ್ಮಲ್ಲಿ ತಾರಸಿಯ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಕೊಳವೆಗಳು ಬೇರೆ ಬೇರೆ ಡಕ್ಟ್‌ಗಳ ಮೂಲಕ ಪ್ರತಿ ಬಚ್ಚಲಿಗೂ ಅಡುಗೆಮನೆಗೂ ಪ್ರತ್ಯೇಕವಾಗಿ ಹೋಗಿರುವುದರಿಂದ, ಎ ಬ್ಲಾಕ್‌ನ ಎರಡು ಕೋಣೆಯ ಮನೆಗಳಿಗೆ ಮೂರು ಕಡೆಯಿಂದಲೂ ಬಿ ಬ್ಲಾಕ್‌ನ ಮೂರು ಕೋಣೆಯ ಮನೆಗಳಿಗೆ ನಾಲ್ಕು ಕಡೆಯಿಂದಲೂ ನೀರು ಬರುತ್ತದೆ. ಪ್ರತಿ ಬ್ಲಾಕ್‌ನಲ್ಲಿ 24 ಮನೆಗಳಿದ್ದು, ಒಟ್ಟು 168 ಮೀಟರ್‌ಗಳು ಬೇಕಾಗುತ್ತವೆ. ತಿಂಗಳ ಕೊನೆಯಲ್ಲಿ ಒಂದು ಮನೆಯ ಮೂರೋ ನಾಲ್ಕೋ ಮೀಟರ್‌ಗಳ ಓದನ್ನು ಕೂಡಿದರೆ ಆ ಮನೆಯ ಬಳಕೆ ಸಿಗುತ್ತದೆ.

ಪ್ರತಿ ಮೀಟರ್‌ನ ಹಿಂದೆ ಒಂದು ಜಾಲರಿಯನ್ನೂ ಒಂದು ಗೇಟ್ ವಾಲ್ವನ್ನೂ ಹಾಕಿಸಲೇಬೇಕೆಂದು ಸಮಿತಿ ಪಟ್ಟು ಹಿಡಿದಿದೆ. ನಮ್ಮ ಬೋರ್‌ವೆಲ್ ನೀರು ಗಡಸು ನೀರು; ನಲ್ಲಿಯ ಮೂತಿಯ ಜಾಲರಿಯನ್ನು ತಿರುಗಿಸಿ ತೆಗೆದರೆ ಸುಣ್ಣದಂಥ ಬಿಳಿ ಪದರ ಕಟ್ಟಿರುವುದನ್ನು ಎಲ್ಲರೂ ನೋಡಿಯೇ ಇದ್ದೀರಿ. ಆ ಪುಡಿಯೂ ಟ್ಯಾಂಕಿನ ತಳದ ಹೂಳೂ ಮೀಟರ್‌ನೊಳಗಿನ ಚಕ್ರಕ್ಕೆ ಸಿಕ್ಕಿಕೊಂಡರೆ ಓದು ಕಡಿಮೆ ತೋರಿಸತೊಡಗುತ್ತದೆ. ಇನ್ನು ನಾಲ್ಕನೇ ಮಹಡಿಯ 12 ಮನೆಯವರ ಆತಂಕ ಸಮಿತಿಗೆ ತಿಳಿದಿದೆ. ಟ್ಯಾಂಕಿಗೂ ಅವರ ನಲ್ಲಿಗೂ ನಡುವೆ ಎತ್ತರ ಕಡಿಮೆ ಇರುವುದರಿಂದ ಅಲ್ಲಿ ಈಗಲೇ ಒತ್ತಡ ಕಡಿಮೆ. ಮೀಟರ್ ಮತ್ತು ಜಾಲರಿ ಸೇರಿದರೆ ಇನ್ನಷ್ಟು ತಗ್ಗುತ್ತದೆ. ಆದ್ದರಿಂದ ಮೊದಲು ಆ ಮಹಡಿಯ ಒಂದು ಮನೆಯಲ್ಲಿ, ಆ ಮನೆಯವರ ಒಪ್ಪಿಗೆ ಪಡೆದು, ಮೀಟರ್ ಹಾಕಿ ನೋಡಿ, ಸ್ನಾನದ ಷವರ್‌ನಲ್ಲಿ ನೀರು ತೃಪ್ತಿಕರವಾಗಿ ಬಾರದಿದ್ದರೆ ಸಂಘದ ಖರ್ಚಿನಲ್ಲೇ ಆ ಮಹಡಿಗೆ ಒತ್ತಡದ ಪಂಪ್ ಅಳವಡಿಸಿದ ನಂತರವೇ ಉಳಿದ ಕೆಲಸ ಮುಂದುವರಿಸಲಾಗುವುದು.

ವೆಚ್ಚದ ವಿಷಯ. ಜಾಲರಿ, ವಾಲ್ವ್, ಕೂಲಿ ಎಲ್ಲವೂ ಸೇರಿ ಮೀಟರ್ ಒಂದಕ್ಕೆ 2,600 ರೂಪಾಯಿಯಂತೆ ಒಟ್ಟು 4,36,800 ರೂಪಾಯಿ ಆಗುತ್ತದೆ. ಇದರಲ್ಲಿ ಮೀಟರ್‌ಗೆ 600 ರೂಪಾಯಿಯಂತೆ 1,00,800 ರೂಪಾಯಿಯನ್ನು ಸಂಘದ ಕಾರ್ಪಸ್ ನಿಧಿ ಭರಿಸುತ್ತದೆ. ಉಳಿದದ್ದು ಮಾಲೀಕರ ಪಾಲು: ಎ ಬ್ಲಾಕ್‌ನ ಮನೆಗೆ 6,000 ರೂಪಾಯಿ, ಬಿ ಬ್ಲಾಕ್‌ನ ಮನೆಗೆ 8,000 ರೂಪಾಯಿ. ಇದನ್ನು ಒಮ್ಮೆಗೇ ಅಥವಾ ಎರಡು ಸಮ ಕಂತುಗಳಲ್ಲಿ ಕೊಡಬಹುದು. ಬಾಡಿಗೆದಾರರಿಂದ ಈ ಹಣ ಕೇಳುವಂತಿಲ್ಲ.

ಬಿಲ್ಲು ಹೀಗೆ ಬರುತ್ತದೆ. ಪಂಪ್ ಮತ್ತು ಟ್ಯಾಂಕ್‌ಗಳ ಖರ್ಚಿಗೆ ಪ್ರತಿ ಮನೆಯೂ ತಿಂಗಳಿಗೆ 250 ರೂಪಾಯಿ ಸ್ಥಿರ ಶುಲ್ಕ ಕೊಡುತ್ತದೆ. ಟ್ಯಾಂಕರ್ ಮತ್ತು ಪಾಲಿಕೆಯ ಬಿಲ್ಲಿನ ಮೊತ್ತವನ್ನು ಆ ತಿಂಗಳ ಒಟ್ಟು ಬಳಕೆಯಿಂದ ಭಾಗಿಸಿದರೆ ಸಾವಿರ ಲೀಟರ್‌ನ ದರ ಸಿಗುತ್ತದೆ. ಕಳೆದ ಏಪ್ರಿಲ್‌ನ ಖರ್ಚನ್ನೇ ತೆಗೆದುಕೊಂಡು, ಒಟ್ಟು ಬಳಕೆ 8,40,000 ಲೀಟರ್ ಎಂದಿಟ್ಟುಕೊಂಡರೆ, ಸಾವಿರ ಲೀಟರ್‌ಗೆ 50 ರೂಪಾಯಿ ಆಗುತ್ತದೆ. 10,000 ಲೀಟರ್ ಬಳಸಿದ ಮನೆಗೆ 750 ರೂಪಾಯಿ, 20,000 ಲೀಟರ್ ಬಳಸಿದ ಮನೆಗೆ 1,250 ರೂಪಾಯಿ, ಬೀಗ ಹಾಕಿದ ಮನೆಗೆ ಬರೀ 250 ರೂಪಾಯಿ ಬರುತ್ತದೆ. ನಗರಗಳಿಗೆ ತಲಾ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ನಾಲ್ವರ ಮನೆಗೆ 30 ದಿನಕ್ಕೆ 16,200 ಲೀಟರ್ ಆಗುತ್ತದೆಂಬುದನ್ನು ಹೋಲಿಕೆಗೆ ನೆನಪಿಟ್ಟುಕೊಳ್ಳಬಹುದು. ಹೆಚ್ಚು ಬಳಸಿದವರಿಗೆ ಹೆಚ್ಚಿನ ದರ ಹಾಕಬೇಕೆಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಜನ ಹೆಚ್ಚಿರುವ ಮನೆಗೆ ಅದು ದಂಡವಾಗುವುದರಿಂದ ಸಮಿತಿ ಸದ್ಯಕ್ಕೆ ಅದನ್ನು ಒಪ್ಪಿಲ್ಲ.

ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಮಾದರಿ ಬಿಲ್ಲು ಮಾತ್ರ ಕೊಡಲಾಗುವುದು. ಹಣ ಹಳೆಯ ಪದ್ಧತಿಯಂತೆಯೇ ಇರುತ್ತದೆ. ಈ ಅವಧಿಯಲ್ಲಿ ನಿಮ್ಮ ಮೀಟರ್‌ಗಳನ್ನು ನೀವೇ ಒಮ್ಮೆ ಓದಿ ನೋಡಿ: ಕಪ್ಪು ಅಂಕಿಗಳು ಸಾವಿರ ಲೀಟರ್‌ಗಳನ್ನೂ ಕೆಂಪು ಅಂಕಿಗಳು ಅದರ ಭಾಗಗಳನ್ನೂ ತೋರಿಸುತ್ತವೆ. ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ಮುಖದ ಮೇಲಿನ ಪುಟ್ಟ ನಕ್ಷತ್ರದಾಕಾರದ ಚಕ್ರ ತಿರುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ. ಹೆಚ್ಚಾಗಿ ಅದು ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿರುತ್ತದೆ. ಟ್ಯಾಂಕಿನ ನೀರಿಗೆ ಅಡುಗೆಯ ಬಣ್ಣದ ಕೆಲವು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದಾಗ ಕೆಳಗೆ ಬಣ್ಣ ಇಳಿದಿದ್ದರೆ ವಾಷರ್ ಬದಲಿಸಬೇಕು. ಒಂದು ಮನೆಯ ಓದನ್ನು ಇನ್ನೊಂದು ಮನೆಗೆ ತಿಳಿಸುವುದಿಲ್ಲ, ಸೂಚನಾ ಫಲಕದಲ್ಲೂ ಹಾಕುವುದಿಲ್ಲ. ನಿಜವಾದ ಬಿಲ್ಲು 1 ಆಗಸ್ಟ್ 2026ರಿಂದ ಜಾರಿಗೆ ಬರುತ್ತದೆ.

ಸಭೆ ಒಪ್ಪಿದರೆ, ಯುಗಾದಿಯ ಎಣ್ಣೆಸ್ನಾನಕ್ಕೆ ಯಾರಿಗೂ ನೀರಿನ ತೊಂದರೆ ಆಗಬಾರದೆಂದು, ಹಬ್ಬ ಕಳೆದ ಮೇಲೆ 23 ಮಾರ್ಚ್, ಸೋಮವಾರ ಕೆಲಸ ಆರಂಭಿಸಿ ಏಪ್ರಿಲ್ ಎರಡನೇ ವಾರದೊಳಗೆ ಮುಗಿಸಲಾಗುವುದು. ಒಂದರ ಮೇಲೊಂದಿರುವ ನಾಲ್ಕು ಮನೆಗಳ ಕೆಲಸ ಒಂದೇ ದಿನ ನಡೆಯುತ್ತದೆ. ಆ ದಿನ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ ಆ ಮನೆಗಳಿಗೆ ನೀರು ಬರುವುದಿಲ್ಲ. ಹಿಂದಿನ ರಾತ್ರಿಯೇ ಬಕೆಟ್ ಹಾಗೂ ಡ್ರಮ್ ತುಂಬಿಸಿಟ್ಟುಕೊಳ್ಳಬೇಕು. ಪ್ಲಂಬರ್ ಮನೆಯೊಳಗೆ ಬರಬೇಕಾಗುವುದರಿಂದ ಒಬ್ಬರಾದರೂ ಮನೆಯಲ್ಲಿರಬೇಕು. ಪರೀಕ್ಷೆ ಬರೆಯುವ ಮಕ್ಕಳು, ಬಾಣಂತಿಯರು ಅಥವಾ ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳ ಸಾಲನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ಆದರೆ ಅದು ಚೀಟಿಯಲ್ಲಿ ನಮೂದಾಗಿರಬೇಕು.

ಪ್ರಸ್ತಾಪ ಜಾರಿಯಾಗಲು ಮೂರನೇ ಎರಡು ಭಾಗ, ಅಂದರೆ 32 ಮನೆಗಳ ಮಾಲೀಕರ ಒಪ್ಪಿಗೆ ಬೇಕು. ಉತ್ತರ ಬಾರದ ಮನೆಯನ್ನು ಒಪ್ಪಿದ ಮನೆಯೆಂದು ಎಣಿಸುವುದಿಲ್ಲ. ವಿರೋಧವಿರುವವರು ಕಾರಣವನ್ನು ಬರೆಯಬೇಕೆಂದು ವಿಶೇಷವಾಗಿ ಕೋರುತ್ತೇನೆ. ಸಭೆಯಲ್ಲಿ ಮೊದಲು ಚರ್ಚೆಗೆ ಬರುವುದು ಆ ಕಾರಣಗಳೇ.

ಚೀಟಿಯನ್ನು ತುಂಬುವ ಬಗ್ಗೆ ಒಂದೆರಡು ಮಾತು. ವಾಟ್ಸಾಪ್‌ನಲ್ಲಿ ತೆರೆದು ನೋಡುವಾಗ ಕಾಣುವ ಪುಟದಲ್ಲಿ ಬರೆಯಲು ಬರುವುದಿಲ್ಲ. ಫೈಲನ್ನು ಮೊದಲು ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಂಡು, ಪಿಡಿಎಫ್ ಓದುವ ಆ್ಯಪ್‌ನಲ್ಲಿ ತೆರೆದು, ನೀಲಿ ಚೌಕಗಳನ್ನು ತುಂಬಿ, ಉಳಿಸಿ, ಮುಚ್ಚಿ, ಮತ್ತೊಮ್ಮೆ ತೆರೆದು ನೀವು ಬರೆದದ್ದು ಉಳಿದಿದೆಯೇ ಎಂದು ನೋಡಿಕೊಂಡ ಮೇಲೆ ಕಳುಹಿಸಿ. ಖಾಲಿ ಚೀಟಿ ಬಂದರೆ ಉತ್ತರ ಬಂದಂತಾಗುವುದಿಲ್ಲ. ಕನ್ನಡದಲ್ಲಿ ಬರೆಯುವವರು ಫೋನಿನ ಕನ್ನಡ ಕೀಲಿಮಣೆಯನ್ನೋ ಕಂಪ್ಯೂಟರ್‌ನಲ್ಲಿ ಯುನಿಕೋಡ್ ಅಕ್ಷರಗಳನ್ನೋ ಬಳಸಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ತಂದು ಅಂಟಿಸಿದ ಸಾಲುಗಳು ಚೌಕದೊಳಗೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲಿಗೆ ನಿಮ್ಮ ಮನೆಯ ಸಂಖ್ಯೆಯ ಹೆಸರನ್ನೇ ಇಡಿ, ಉದಾಹರಣೆಗೆ `B-304.pdf`. ಎಲ್ಲ ಚೀಟಿಗಳ ಉತ್ತರವನ್ನು ಒಂದೇ ಪಟ್ಟಿಗೆ ತೆಗೆದುಕೊಳ್ಳುವುದರಿಂದ ಸ್ಕ್ರೀನ್‌ಶಾಟ್ ಕಳುಹಿಸಬಾರದು. ಊರಿನಿಂದ ಹೊರಗಿರುವ ಮಾಲೀಕರು ಸಂಘದಲ್ಲಿ ನೋಂದಾಯಿಸಿದ ತಮ್ಮ ಮಿಂಚಂಚೆಯಿಂದಲೇ ಕಳುಹಿಸಿದರೆ ಅದನ್ನೇ ಸಹಿ ಎಂದು ಪರಿಗಣಿಸಲಾಗುವುದು. ಇದೆಲ್ಲ ಕಷ್ಟವೆನಿಸುವ ಹಿರಿಯರಿಗಾಗಿ ಮುದ್ರಿತ ಚೀಟಿಗಳನ್ನು ಗೇಟಿನ ಕಾವಲುಗಾರರ ಕೊಠಡಿಯಲ್ಲಿ ಇಡಲಾಗಿದೆ. ಪೆನ್ನಿನಲ್ಲಿ ತುಂಬಿ ಅಲ್ಲಿನ ಪೆಟ್ಟಿಗೆಗೆ ಹಾಕಬಹುದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಕಾರ್ಯಕಾರಿ ಸಮಿತಿಯ ಪರವಾಗಿ)

ಉತ್ತರ ಚೀಟಿ
ವಿಷಯ: ಪ್ರತಿ ಮನೆಗೆ ನೀರಿನ ಮೀಟರ್. ತಲುಪಿಸಲು ಕೊನೆಯ ದಿನ: 14 ಫೆಬ್ರುವರಿ 2026, ಸಂಜೆ 6 ಗಂಟೆ

1. ಮನೆಯ ಸಂಖ್ಯೆ: ಎ-101ರಿಂದ ಬಿ-406ರವರೆಗಿನ ಪಟ್ಟಿಯಿಂದ ಆರಿಸಿ.

2. ಉತ್ತರಿಸುವವರ ಹೆಸರನ್ನು ಚೌಕದಲ್ಲಿ ಬರೆದು, ಇವುಗಳಲ್ಲಿ ಒಂದನ್ನು ಗುರುತು ಮಾಡಿ.
☐ ಮಾಲೀಕರು ☐ ಬಾಡಿಗೆದಾರರು (4 ಮತ್ತು 5ನ್ನು ಮಾತ್ರ ತುಂಬಬೇಕು)

3. ಮಾಲೀಕರ ಅಭಿಪ್ರಾಯ:
☐ ಪ್ರಸ್ತಾಪಕ್ಕೆ ಒಪ್ಪಿಗೆ ಇದೆ. ನಮ್ಮ ಪಾಲನ್ನು ಒಮ್ಮೆಗೇ ಕೊಡುತ್ತೇವೆ.
☐ ಪ್ರಸ್ತಾಪಕ್ಕೆ ಒಪ್ಪಿಗೆ ಇದೆ. ಎರಡು ಕಂತುಗಳಲ್ಲಿ ಕೊಡುತ್ತೇವೆ.
☐ ಒಪ್ಪಿಗೆ ಇಲ್ಲ. ಕಾರಣವನ್ನು 6ನೇ ಚೌಕದಲ್ಲಿ ಬರೆದಿದ್ದೇವೆ.

4. ಕೆಲಸಕ್ಕೆ ಅನುಕೂಲವಾದ ಸಮಯ:
☐ ಮಾರ್ಚ್ ಕೊನೆಯ ವಾರ ☐ ಏಪ್ರಿಲ್ ಮೊದಲ ಎರಡು ವಾರ ☐ ಯಾವಾಗಲಾದರೂ ಸರಿ

5. ನಮ್ಮ ಸಾಲನ್ನು ಕೊನೆಗೆ ಇಡಬೇಕಾದ ಕಾರಣ:
☐ ಮಕ್ಕಳ ಪರೀಕ್ಷೆ ☐ ಬಾಣಂತಿ ಅಥವಾ ಕೂಸು ☐ ಅನಾರೋಗ್ಯ ☐ ಅಂಥ ಕಾರಣವಿಲ್ಲ

6. ಸಭೆಯಲ್ಲಿ ಚರ್ಚೆಯಾಗಬೇಕಾದ ಆಕ್ಷೇಪ ಅಥವಾ ಪ್ರಶ್ನೆ: 500 ಅಕ್ಷರಗಳವರೆಗೆ ಬರೆಯಬಹುದು, ಹೆಚ್ಚಿದ್ದರೆ ಪ್ರತ್ಯೇಕ ಹಾಳೆಯನ್ನು ಲಗತ್ತಿಸಬಹುದು.

7. 22 ಫೆಬ್ರುವರಿಯ ಸಭೆಗೆ:
☐ ಬರುತ್ತೇವೆ ☐ ಬರಲಾಗುವುದಿಲ್ಲ; ಈ ಚೀಟಿಯನ್ನೇ ನಮ್ಮ ಮತವೆಂದು ಪರಿಗಣಿಸಿ