ಗುಳೆ ಹೋಗಿ ಬಂದವರ ಜೊತೆ ಮಾತುಕತೆ: ಸಂದರ್ಶನ ಮಾರ್ಗದರ್ಶಿ, ದೇವದುರ್ಗ ತಾಲ್ಲೂಕು

ಯಾರಿಗೆ: ಮೂರು ಹಳ್ಳಿಗಳಲ್ಲಿ ಸಂದರ್ಶನ ಮಾಡಲಿರುವ ನಮ್ಮ ನಾಲ್ವರು ಎಂ.ಎ. ವಿದ್ಯಾರ್ಥಿಗಳಿಗೆ
ಯಾರ ಜೊತೆ: ಕಳೆದ ಎರಡು ವರ್ಷದಲ್ಲಿ ಬೆಂಗಳೂರು, ಪುಣೆ, ಹೈದರಾಬಾದ್ ಇಲ್ಲವೇ ಗೋವಾಕ್ಕೆ ದುಡಿಯಲು ಹೋಗಿ ಬಂದ, 18 ವರ್ಷ ದಾಟಿದ 24 ಜನ. ಅವರಲ್ಲಿ 12 ಹೆಣ್ಣುಮಕ್ಕಳು ಇರಲೇಬೇಕು.
ಸಮಯ: ಮುಕ್ಕಾಲು ಗಂಟೆಯಿಂದ ಒಂದು ಗಂಟೆ

ಹೋಗುವ ಮುಂಚೆ

ಮೊದಲ ಕರಡಿನಲ್ಲಿ ನಾನು "ಅಲ್ಲಿ ನಿಮಗೆ ಏನೇನು ತೊಂದರೆ ಆಯಿತು?" ಅಂತ ಬರೆದಿದ್ದೆ. ಇಬ್ಬರ ಜೊತೆ ಪ್ರಯೋಗ ಮಾಡಿ ನೋಡಿದಾಗ ಇಬ್ಬರೂ ನೀರಿಲ್ಲ, ಮನೆಯಿಲ್ಲ, ಸಾಲ ಇದೆ ಅಂತ ಪಟ್ಟಿ ಒಪ್ಪಿಸಿದರು. ನಾವು ಯಾವುದೋ ಯೋಜನೆಗೆ ಹೆಸರು ಬರೆದುಕೊಳ್ಳಲು ಬಂದಿದ್ದೇವೆ ಅಂದುಕೊಂಡಿದ್ದರು. ತಪ್ಪು ಅವರದಲ್ಲ, ನನ್ನ ಪ್ರಶ್ನೆಯದು. ಹಾಗಾಗಿ ಈಗ ಎಲ್ಲವನ್ನೂ ಒಂದೇ ಪ್ರಯಾಣದ ಸುತ್ತ ಕಟ್ಟಿದ್ದೇನೆ. ಕೊನೆಯ ಸಲ ಹೋಗಿದ್ದು, ಇದ್ದದ್ದು, ಬಂದಿದ್ದು. ಆ ಕಥೆ ಹೇಳಿಸಿ ಸಾಕು, ತೊಂದರೆಯೂ ಖುಷಿಯೂ ಅದರೊಳಗೇ ಬರುತ್ತವೆ.

"ವಲಸೆ" ಅನ್ನುವ ಮಾತು ಬೇಡ. ಕೆಲವರು ಗುಳೆ ಅನ್ನುತ್ತಾರೆ, ಕೆಲವರು ಸುಮ್ನೆ ದುಡಿಯಾಕ ಹೋಗಿದ್ವಿ ಅನ್ನುತ್ತಾರೆ. ಅವರು ಯಾವ ಮಾತು ಬಳಸುತ್ತಾರೋ ಅದೇ ನಿಮ್ಮದೂ ಆಗಲಿ. ತಾರೀಕು ಕೇಳಬೇಡಿ. "ಉಗಾದಿಗೆ ಮುಂಚೆನಾ, ಆಮೇಲೆನಾ?", "ಮೊಹರಂಗೆ ಊರಲ್ಲಿದ್ದಿರಾ?", "ಹತ್ತಿ ಬಿಡಿಸೋದು ಮುಗಿದಿತ್ತಾ?" ಅಂದರೆ ಕಾಲ ತಾನಾಗಿ ಸಿಗುತ್ತದೆ.

ಒಂದು ಮಾತನ್ನು ಮರೆಯಬೇಡಿ: ಮೇಸ್ತ್ರಿ ಎಷ್ಟೋ ಸಲ ಅದೇ ಊರಿನವರು, ಸಂಬಂಧಿಕರೂ ಹೌದು. ಅವರ ಕೈಯಿಂದ ಪರಿಚಯ ಮಾಡಿಸಿಕೊಳ್ಳಬೇಡಿ. ಅವರ ಕಟ್ಟೆಯ ಮೇಲೆ ಕೂತು ರೆಕಾರ್ಡರ್ ಹಚ್ಚಬೇಡಿ. ಹೆಣ್ಣುಮಕ್ಕಳ ಜೊತೆ ಹೆಣ್ಣುಮಕ್ಕಳೇ ಮಾತಾಡಿ. ಅಕ್ಕಿ ಆರಿಸುತ್ತಾ, ರೊಟ್ಟಿ ಬಡಿಯುತ್ತಾ ಮಾತಾಡಿದರೂ ಅಡ್ಡಿಯಿಲ್ಲ. ಗಂಡನೋ ಅತ್ತೆಯೋ ಬಂದು ಕೂತರೆ ಮಳೆ, ಬೆಳೆ ಮಾತಾಡಿ, ಇನ್ನೊಂದು ದಿನ ಬನ್ನಿ.

ಒಪ್ಪಿಗೆ ಕೇಳುವಾಗ

ನಿಮ್ಮ ಹೆಸರು ಹೇಳಿಕೊಂಡು, ಓದದೆ, ಹೀಗೆ ಹೇಳಿ:

"ಅಕ್ಕಾ, ನಾನು ರಾಯಚೂರಿನಿಂದ ಬಂದಿದ್ದೇನೆ, ಎಂ.ಎ. ಓದುತ್ತಿದ್ದೇನೆ. ದುಡಿಯಲು ಹೊರಗೆ ಹೋಗಿ ಬಂದವರ ಬದುಕಿನ ಬಗ್ಗೆ ಅಧ್ಯಯನ ಮಾಡುತ್ತಿದ್ದೇವೆ. ನಾನು ಸರ್ಕಾರದವರಲ್ಲ, ನನ್ನಿಂದ ಯಾವ ಯೋಜನೆಯೂ ಸಿಗುವುದಿಲ್ಲ. ನೀವು ಹೇಳಿದ್ದನ್ನು ಬರೆಯುವಾಗ ನಿಮ್ಮ ಹೆಸರು, ಊರು, ಮೇಸ್ತ್ರಿ ಹೆಸರು ಹಾಕುವುದಿಲ್ಲ. ಬೇಡ ಅನಿಸಿದ ಪ್ರಶ್ನೆ ಬಿಡಬಹುದು, ಯಾವಾಗ ಬೇಕಾದರೂ ಸಾಕು ಅನ್ನಬಹುದು. ನಿಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ?"

ರೆಕಾರ್ಡ್ ಬೇಡ ಅಂದರೆ ಕೈಯಲ್ಲಿ ಬರೆದುಕೊಳ್ಳಿ. ಹೆಬ್ಬೆಟ್ಟು ಒತ್ತಿಸುವುದು ಬೇಡ, ಬಾಯಿಮಾತಿನ ಒಪ್ಪಿಗೆ ಸಾಕು. ಹೆಬ್ಬೆಟ್ಟು ಅಂದರೆ ಇಲ್ಲಿ ಸಾಲದ ಪತ್ರ ನೆನಪಾಗುತ್ತದೆ.

1. ಹೊರಟ ದಿನ

*ಕೊನೆಯ ಸಲ ಊರು ಬಿಟ್ಟು ಹೊರಟ ದಿನ ನೆನಪಿದೆಯಾ? ಬೆಳಗ್ಗೆಯಿಂದ ಏನೇನಾಯಿತು ಹೇಳಿ.*

ಎಳೆ ಹಿಡಿಯಲು: ಹೋಗೋಣ ಅಂತ ಮೊದಲು ಹೇಳಿದವರು ಯಾರು? ನಿಮ್ಮನ್ನು ಕೇಳಿದರಾ? ಗಂಟಿನಲ್ಲಿ ಏನೇನು ಕಟ್ಟಿಕೊಂಡಿರಿ? ಮನೆಯಲ್ಲಿ ಯಾರನ್ನು ಬಿಟ್ಟು ಹೋದಿರಿ? ಆ ವರ್ಷ ಹೊಲ ಹೇಗಿತ್ತು?

ಗಂಟಿನ ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಜೋಳದ ಹಿಟ್ಟು, ಪಾತ್ರೆ, ಕೂಸಿನ ಕೌದಿ ಅಂತ ಹೇಳುತ್ತಾ ಹೋದಂತೆ ಎಷ್ಟು ದಿನಕ್ಕೆ ಹೋದರು, ಅಲ್ಲಿ ಏನು ಸಿಗುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು ಅನ್ನುವುದು ತಿಳಿಯುತ್ತದೆ. ಅವಸರ ಮಾಡಬೇಡಿ.

"ಊರಲ್ಲಿ ಕೆಲಸ ಇಲ್ಲ, ಅದಕ್ಕೇ ಹೋದ್ವಿ" ಅಂತ ಒಂದೇ ಮಾತಿಗೆ ನಿಂತರೆ: "ಹೋಗುವ ಮುಂಚಿನ ತಿಂಗಳು ಇಲ್ಲಿ ಏನು ಕೆಲಸ ಮಾಡಿದಿರಿ? ಉದ್ಯೋಗ ಖಾತ್ರಿ ಕೆಲಸ ಕೇಳಿದ್ದಿರಾ? ಕೇಳಿದಾಗ ಏನಂದರು? ದುಡ್ಡು ಯಾವಾಗ ಬಂತು?"

2. ಮುಂಗಡ, ಮೇಸ್ತ್ರಿ, ಬಟವಾಡೆ

ಅಧ್ಯಯನದ ತಿರುಳು ಇದು. ಕಾಲು ಗಂಟೆಯಾದರೂ ಇಲ್ಲಿರಿ.

*ಈ ಕೆಲಸ ನಿಮಗೆ ಸಿಕ್ಕಿದ್ದು ಹೇಗೆ? ಮೇಸ್ತ್ರಿ ಜೊತೆ ಏನು ಮಾತಾಯಿತು?*

ಎಳೆ ಹಿಡಿಯಲು: ಮುಂಗಡ ತಗೊಂಡಿದ್ದಿರಾ? ಅದು ಯಾವುದಕ್ಕೆ ಖರ್ಚಾಯಿತು? ಲೆಕ್ಕ ಯಾರ ಹತ್ತಿರ ಇತ್ತು, ಬರೆದಿಟ್ಟಿದ್ದರಾ? ಅದು ತೀರಿತು ಅಂತ ಹೇಳಿದವರು ಯಾರು?

*ಒಂದು ವಾರದ ಬಟವಾಡೆ ದಿನ ಹೇಗಿರುತ್ತಿತ್ತು?*

ಎಳೆ ಹಿಡಿಯಲು: ದುಡ್ಡು ಯಾರ ಕೈಗೆ ಬಂತು? ಅದರಲ್ಲಿ ಏನೇನು ಹಿಡಿದುಕೊಂಡರು? ನಿಮ್ಮ ಪಗಾರ ಬೇರೆನಾ, ಗಂಡನದರ ಜೊತೆ ಸೇರಿಸಿ ಕೊಟ್ಟರಾ? ಅಂಗಡಿ ಉದ್ರಿ ಎಷ್ಟಿತ್ತು? ಕೈಯಲ್ಲಿ ಉಳಿದಿದ್ದರಿಂದ ಏನು ಮಾಡಿದಿರಿ?

ಮುಂಗಡ ಎಷ್ಟು ಅಂತ ನೇರವಾಗಿ ಕೇಳಬೇಡಿ. ಅವರೇ ಹೇಳಿದರೆ ಬರೆದುಕೊಳ್ಳಿ.

*ಮಧ್ಯದಲ್ಲಿ ಬಿಟ್ಟು ಬರಬೇಕು ಅನ್ನಿಸಿತ್ತಾ? ಆಗ ಏನಾಯಿತು?*

ಇಲ್ಲಿ ಬಹಳ ಎಚ್ಚರ ಬೇಕು. ಸಾಲ ತೀರುವ ತನಕ ಬಿಡಲಿಲ್ಲ, ಹೊಡೆದರು, ಮನೆಯವರನ್ನು ಹಿಡಿದಿಟ್ಟುಕೊಂಡರು ಅಂದರೆ ಅದು 1976ರ ಕಾನೂನು ನಿಷೇಧಿಸಿದ ಜೀತ. ಅವರ ಮುಂದೆ ಆ ಪದ ಆಡಬೇಡಿ, ಗಾಬರಿಯಾದಾರು. ಕೇಳಿಸಿಕೊಳ್ಳಿ. ಯಾರಾದರೂ ಈಗಲೂ ಅಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ತಿಳಿದರೆ, ಮುಂದೆ ಏನು ಮಾಡಬೇಕು ಅಂತ ಅವರನ್ನೇ ಕೇಳಿ, ಅವರು ಒಪ್ಪಿದರೆ ಅದೇ ದಿನ ನನಗೆ ಫೋನ್ ಮಾಡಿ.

3. ಶೆಡ್ಡಿನ ಬದುಕು

*ನೀವು ಇದ್ದ ಜಾಗ ಕಣ್ಣಿಗೆ ಕಟ್ಟುವ ಹಾಗೆ ಹೇಳಿ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಒಂದು ದಿನ ಹೇಗೆ ಕಳೆಯುತ್ತಿತ್ತು?*

ಎಳೆ ಹಿಡಿಯಲು: ನೀರು ಎಲ್ಲಿಂದ? ಅಕ್ಕಪಕ್ಕ ಯಾವ ಊರಿನವರಿದ್ದರು? ಕೆಲಸಕ್ಕೆ ಹೋದಾಗ ಕೂಸನ್ನು ಯಾರು ನೋಡಿಕೊಂಡರು? ಶಾಲೆಗೆ ಹೋಗುವ ಮಕ್ಕಳು ಆ ತಿಂಗಳುಗಳಲ್ಲಿ ಎಲ್ಲಿದ್ದರು?

ಹೆಣ್ಣುಮಕ್ಕಳಿಗೆ, ಒಬ್ಬರೇ ಇದ್ದಾಗ ಮಾತ್ರ: ಸ್ನಾನಕ್ಕೆ, ಬಯಲಿಗೆ ಎಲ್ಲಿಗೆ, ಯಾವ ಹೊತ್ತಿಗೆ ಹೋಗುತ್ತಿದ್ದಿರಿ? ಮುಟ್ಟಿನ ದಿನಗಳಲ್ಲಿ? ಅಲ್ಲಿ ಯಾವಾಗ ಹೆದರಿಕೆ ಆಗುತ್ತಿತ್ತು? ಸುಮ್ಮನಾದರೆ ನೀವೂ ಸುಮ್ಮನಿರಿ. ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಆಮೇಲೂ ಮಾತು ಬರದಿದ್ದರೆ ಮಕ್ಕಳ ವಿಷಯಕ್ಕೆ ಹೋಗಿ, ಮತ್ತೆ ಕೆದಕಬೇಡಿ.

*ಅಲ್ಲಿ ಖುಷಿಯಾದ ಒಂದು ದಿನ ಹೇಳಿ.*

ಇದನ್ನು ಬಿಡಲೇಬೇಡಿ. ಪ್ರಯೋಗದ ದಿನ ಒಬ್ಬಾಕೆ ತನ್ನ ಸ್ವಂತ ಪಗಾರದಲ್ಲಿ ಮೊದಲ ಸಲ ಕಾಲುಚೈನು ಕೊಂಡಿದ್ದನ್ನು ಹೇಳಿದಳು. ಅಲ್ಲಿಯ ತನಕ ಎರಡೆರಡು ಮಾತಿನಲ್ಲಿ ಉತ್ತರಿಸುತ್ತಿದ್ದವಳು ಆಮೇಲೆ ಅರ್ಧ ಗಂಟೆ ಮಾತಾಡಿದಳು.

4. ಮೈ ಹುಷಾರಿಲ್ಲದಾಗ

*ನಿಮಗೋ ಜೊತೆಯವರಿಗೋ ಪೆಟ್ಟಾಗಿದ್ದು, ಜ್ವರ ಬಂದಿದ್ದು ಇದೆಯಾ? ಆಗ ಏನು ಮಾಡಿದಿರಿ?*

ಎಳೆ ಹಿಡಿಯಲು: ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರು? ದುಡ್ಡು ಯಾರು ಕೊಟ್ಟರು? ಆ ದಿನಗಳ ಹಾಜರಿ ಹಾಕಿದರಾ? ಲೇಬರ್ ಕಾರ್ಡ್ ಮಾಡಿಸಿದ್ದಿರಾ? ಅದರಿಂದ ಏನಾದರೂ ಸಿಕ್ಕಿತಾ?

12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರಿಗೆ ಈ ಕಾರ್ಡ್ ಸಿಗುತ್ತದೆ. ಕೇಳಿದರೆ ಸಂದರ್ಶನ ಮುಗಿದ ಮೇಲೆ ಹೇಳಿ, ನಡುವೆ ಬೇಡ.

5. ಊರಿಗೆ ಬಂದಾಗ

*ವಾಪಸ್ ಬಂದಾಗ ಮನೆ, ಊರು ಹೇಗನ್ನಿಸಿತು?*

ಎಳೆ ಹಿಡಿಯಲು: ಬಿಟ್ಟು ಹೋದ ಮಕ್ಕಳು, ಹಿರಿಯರು ಹೇಗಿದ್ದರು? ತಂದ ದುಡ್ಡು ಯಾವುದಕ್ಕೆ ಹೋಯಿತು? ಮತ್ತೆ ಹೋಗುತ್ತೀರಾ? ಮಕ್ಕಳು ಹೋಗಲಿ ಅನ್ನಿಸುತ್ತದಾ?

2020ರ ಲಾಕ್‌ಡೌನ್ ಮಾತು ಅವರಾಗಿ ತೆಗೆದರೆ ಮಾತ್ರ: "ಆಗ ಎಲ್ಲಿದ್ದಿರಿ? ಊರು ಹೇಗೆ ಸೇರಿದಿರಿ?" ಆ ದಾರಿಯಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದರೆ ಬರೆಯುವುದು ನಿಲ್ಲಿಸಿ, ರೆಕಾರ್ಡರ್ ಆರಿಸಲಾ ಅಂತ ಕೇಳಿ.

ಮುಗಿಸುವಾಗ

*ನಾನು ಕೇಳಬೇಕಿತ್ತು, ಕೇಳಲಿಲ್ಲ ಅನ್ನುವಂಥದ್ದು ಏನಾದರೂ ಇದೆಯಾ? ನನಗೆ ಏನಾದರೂ ಕೇಳಬೇಕಾ?*

ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ, ನಿಮ್ಮ ಓದು, ಮದುವೆ, ಊರು ಏನೇ ಇರಲಿ. ಚಹಾ ಕೊಟ್ಟರೆ ಕುಡಿದೇ ಏಳಿ. ರೆಕಾರ್ಡರ್ ಆರಿದ ಮೇಲೆ ಬಾಗಿಲ ಹತ್ತಿರ ಮಾತು ಬಂದರೆ, ಅದನ್ನು ಸೇರಿಸಬಹುದಾ ಅಂತ ಅಲ್ಲೇ ಕೇಳಿ. ಬೇಡ ಅಂದರೆ ಬರೆಯಬೇಡಿ. ಬಸ್ಸಿನಲ್ಲಿ ಕೂತಾಗಲೇ ಒಂದು ಪುಟ ಟಿಪ್ಪಣಿ ಬರೆಯಿರಿ: ಯಾರು ಸುಳಿದಾಡಿದರು, ಎಲ್ಲಿ ದನಿ ಇಳಿಯಿತು, ಯಾವ ಪ್ರಶ್ನೆ ಅವರಿಗೆ ತಿಳಿಯಲಿಲ್ಲ. ಮೊದಲ ನಾಲ್ಕು ಸಂದರ್ಶನ ಮುಗಿದ ಸಂಜೆ ದೇವದುರ್ಗದಲ್ಲಿ ಕೂತು ಈ ಪ್ರಶ್ನೆಗಳನ್ನು ಮತ್ತೆ ತಿದ್ದೋಣ.