ಮ್ಯಾನೇಜರ್‌ಗೂ ಆತಂಕ ಆಗುತ್ತೆ

ಎಲ್ಲರಿಗೂ ನಮಸ್ಕಾರ. ಎ ಶಿಫ್ಟ್‌ನವರು ಮನೆಗೆ ಹೊರಡೋ ಹೊತ್ತು, ಬಿ ಶಿಫ್ಟ್‌ನವರು ಮೆಷಿನ್ ಹತ್ರ ನಿಲ್ಲೋ ಹೊತ್ತು. ಎಲ್ಲರನ್ನೂ ಕ್ಯಾಂಟೀನಲ್ಲಿ ಕೂರಿಸಿದ್ದೇನೆ. ಜಾಸ್ತಿ ಎಳೆಯೋದಿಲ್ಲ.

ಮಾನಸಿಕ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಸರ್ ಅಂತ ಎಚ್‌ಆರ್ ಮೇಡಂ ಹೇಳಿದರು. ಗೋಡೆಗೆ ಅಂಟಿಸಿರೋ ಪೋಸ್ಟರ್ ಓದಿ ಮುಗಿಸಬಹುದಿತ್ತು. ಅದನ್ನು ನೀವೇ ಓದಿಕೊಳ್ಳುತ್ತೀರಿ. ನಾನು ನನ್ನದನ್ನು ಹೇಳುತ್ತೇನೆ. ನನಗೆ ಆಂಗ್ಸೈಟಿ ಇದೆ. ಆತಂಕದ ಕಾಯಿಲೆ. ಮಾತ್ರೆ ತೆಗೆದುಕೊಳ್ಳುತ್ತೇನೆ, ಕೌನ್ಸೆಲಿಂಗ್‌ಗೂ ಹೋಗುತ್ತೇನೆ. ಹಿಂದಿನ ಬೆಂಚಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ನೋಡಿಕೊಳ್ಳಿ, ಪರವಾಗಿಲ್ಲ.

ಶುರುವಾಗಿದ್ದು ಒಂದು ತಿಂಗಳ ಕೊನೆಯಲ್ಲಿ. ಡಿಸ್ಪ್ಯಾಚ್ ಗಾಡಿ ಗೊರಗುಂಟೆಪಾಳ್ಯದ ಹತ್ರ ಸಿಕ್ಕಿಹಾಕಿಕೊಂಡಿತ್ತು, ಕಸ್ಟಮರ್ ಬಿಡದೆ ಫೋನ್ ಮಾಡುತ್ತಿದ್ದರು. ಇದೆಲ್ಲ ಇಲ್ಲಿ ಮಾಮೂಲಿ, ಅಲ್ವಾ? ಆದರೆ ಅವತ್ತು ಕೈ ತಣ್ಣಗಾಯ್ತು. ಎದೆ ಬಿಗಿಯಿತು. ಎಷ್ಟು ಉಸಿರು ಎಳೆದರೂ ಸಾಲುತ್ತಿಲ್ಲ. ಎದುರಿಗಿದ್ದ ಇನ್‌ವಾಯ್ಸ್ ಮೇಲಿನ ಅಕ್ಷರ ಕಾಣುತ್ತಿದೆ, ತಲೆಗೆ ಹೋಗುತ್ತಿಲ್ಲ. ಮುಗೀತು ನನ್ನ ಕಥೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ನಾರ್ಮಲ್. ಮನೆಯಲ್ಲಿ ಭಾವ ಗ್ಯಾಸ್ ಅಂದರು, ಸೋಡಾ ಕುಡಿಸಿದರು. ಅತ್ತೆ ದೃಷ್ಟಿ ತೆಗೆದರು. ಮತ್ತೆ ಮತ್ತೆ ಹೀಗೇ ಆದಾಗ ನಮ್ಮ ಫ್ಯಾಮಿಲಿ ಡಾಕ್ಟರ್ ಮನೋವೈದ್ಯರ ಹತ್ರ ಕಳಿಸಿದರು.

ಅವರು ಹೇಳಿದ್ದು ನಮ್ಮ ಭಾಷೆಯಲ್ಲಿ ಇಷ್ಟು. ಕೆಲವು ಸಲ ಮೆಷಿನ್ ಸರಿಯಾಗೇ ಇರುತ್ತೆ, ಸೆನ್ಸರ್ ಸುಮ್ನೆ ಟ್ರಿಪ್ ಆಗಿ ಲೈನ್ ನಿಲ್ಲುತ್ತೆ. ಹಾಗೇ ಅಪಾಯ ಇಲ್ಲದಿದ್ದರೂ ಮೈಯಲ್ಲಿ ಅಡ್ರಿನಲಿನ್ ಏರುತ್ತೆ, ಗುಂಡಿಗೆ ಓಡುತ್ತೆ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಜೋರಾಗಿ, ಆಮೇಲೆ ಇಳಿಯುತ್ತೆ. ಮಾತ್ರೆಯ ಫಲ ಕಾಣೋಕೆ ಕೆಲವು ವಾರ ಬೇಕು. ಕಾಯಬೇಕಾಯಿತು, ಕಾದೆ. ಈಗಲೂ ತಿಂಗಳ ಕೊನೆಗೆ ಒಮ್ಮೊಮ್ಮೆ ಬರುತ್ತೆ. ಬಂದಾಗ ಏನು ಮಾಡಬೇಕು ಅಂತ ಗೊತ್ತು, ಅಷ್ಟೇ.

ಸೂಪರ್‌ವೈಸರ್‌ಗಳೇ, ಇದನ್ನು ಕೇಳಿ ಯಾರಾದರೂ ಎದೆನೋವು ಅಂದಾಗ ನೀವೇ ಟೆನ್ಷನ್ ಅಂತ ತೀರ್ಮಾನ ಮಾಡಬೇಡಿ. ಮೊದಲು ಆಸ್ಪತ್ರೆ.

ನಮ್ಮ ಊರಿನಲ್ಲಿ ಒಂದು ತಮಾಷೆ ಇದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಸಾಕು, ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಅಂತೀವಿ. ನಮ್ಮ ಲೈನಿನಲ್ಲೂ ಕೇಳಿದ್ದೇನೆ. ಹೊಸೂರು ರಸ್ತೆಯ ಆ ಓಪಿಡಿಯಲ್ಲಿ ಕೂತು ನೋಡಿ. ಟಿಫನ್ ಕ್ಯಾರಿಯರ್ ಹಿಡಿದ ಅಮ್ಮಂದಿರು, ಫಿಟ್ಸ್ ಬರೋ ಮಕ್ಕಳು, ಪಾರ್ಶ್ವವಾಯು ಆದ ತಾತಂದಿರು, ಲ್ಯಾಪ್‌ಟಾಪ್ ಬ್ಯಾಗಿನ ಹುಡುಗರು. ಬೇರೆ ರಾಜ್ಯಗಳಿಂದ ರೈಲು ಹತ್ತಿ ಬರುತ್ತಾರೆ. ನಾವು ಇದೇ ಊರಿನಲ್ಲಿದ್ದು ಅದರ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಆ ಜೋಕ್ ಇವತ್ತಿಗೆ ನಿಲ್ಲಲಿ.

ಅಷ್ಟು ದೂರ ಹೋಗೋಕೆ ಆಗದಿದ್ದರೆ ಟೆಲಿ ಮನಸ್ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಡೋ ಹಾಗೇ ಇದಕ್ಕೂ ವಿಮೆ ಕೊಡಬೇಕು. ಪಾಲಿಸಿ ಬಗ್ಗೆ ಅನುಮಾನ ಇದ್ದರೆ ಎಚ್‌ಆರ್ ಹತ್ರ ಕೇಳಿ.

ಆದರೆ ಎಲ್ಲವನ್ನೂ ನಿಮ್ಮ ತಲೆ ಮೇಲೇ ಹಾಕೋದು ನ್ಯಾಯ ಅಲ್ಲ. ಪ್ರಾಣಾಯಾಮ ಮಾಡಿ ಅಂತ ಬೋಧನೆ ಮಾಡಿ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ 'ಅಪ್‌ಡೇಟ್?' ಅಂತ ಹಾಕಿದರೆ ಏನು ಬಂತು? ಅದಕ್ಕೇ ಎರಡು ವಿಷಯ ತೀರ್ಮಾನ ಮಾಡಿದ್ದೇನೆ. ರಾತ್ರಿ ಒಂಬತ್ತರ ಮೇಲೆ ಆ ಗ್ರೂಪಿನಲ್ಲಿ ಏನೂ ಹಾಕೋದಿಲ್ಲ. ಮೆಷಿನ್ ನಿಂತರೆ ಡ್ಯೂಟಿಯಲ್ಲಿ ಇರುವವರಿಗೆ ಮಾತ್ರ ಫೋನ್. ಇನ್ನು ರಜೆ ಅರ್ಜಿಯಲ್ಲಿ ಡಾಕ್ಟರ್ ಅಂತ ಬರೆದರೆ ಸಾಕು. ಯಾವ ಡಾಕ್ಟರ್, ಯಾಕೆ ಅಂತ ಯಾರೂ ಕೇಳಕೂಡದು. ಇಲ್ಲದ ತಾತನ ತಿಥಿಯನ್ನು ಮತ್ತೆ ಮತ್ತೆ ಮಾಡೋದು ಬೇಡ.

ಕೌನ್ಸೆಲರ್ ಮೇಡಂ ಐದು ಗಂಟೆವರೆಗೂ ಟ್ರೇನಿಂಗ್ ರೂಮಿನಲ್ಲಿ ಇರುತ್ತಾರೆ. ರಿಜಿಸ್ಟರ್‌ನಲ್ಲಿ ಹೆಸರು ಬರೆಯೋ ಹಾಗಿಲ್ಲ, ನಾನೂ ಆ ಕಡೆ ಸುಳಿಯೋದಿಲ್ಲ. ಬಿ ಶಿಫ್ಟ್ ಅರ್ಧ ಗಂಟೆ ತಡವಾಗಿ ಶುರು, ಪ್ಲಾನ್ ತಿದ್ದಿದ್ದೇನೆ. ಪ್ರಶ್ನೆ ಇದ್ದರೆ ಈಗಲೇ ಕೇಳಿ, ಇಲ್ಲ ಆಮೇಲೆ ಕ್ಯಾಬಿನ್‌ಗೆ ಬನ್ನಿ. ಯಾವ ಮಾತ್ರೆ ಸರ್ ಅಂತ ಮಾತ್ರ ಕೇಳಬೇಡಿ. ಅದನ್ನು ಡಾಕ್ಟರ್ ಬರೆದುಕೊಡಬೇಕು.